ಭಾನುವಾರದ ಕೆರೆ, ಸೋಮವಾರದ ಕಾಲುವೆ

ಜಕ್ಕೂರು ಕೆರೆಯ ಸ್ವಚ್ಛತಾ ಕಾರ್ಯವನ್ನು ಚಿತ್ರೀಕರಿಸಲು ಹೊರಟಿರುವ ಪತ್ರಿಕೋದ್ಯಮ ವಿದ್ಯಾರ್ಥಿಗಳ ತಂಡಕ್ಕೆ,

ಗೆಳೆಯರೇ,

ನೀವು ಕಳಿಸಿದ 9 ಪುಟಗಳ ಸ್ಕ್ರಿಪ್ಟನ್ನು ಎರಡು ಸಲ ಓದಿದೆ. ಹನ್ನೆರಡು ನಿಮಿಷದ ವರದಿ, ಭಾನುವಾರ ಬೆಳಗ್ಗೆ ಆರರಿಂದ ಹನ್ನೊಂದರವರೆಗೆ ಶೂಟಿಂಗ್, ಐದು ಸಂದರ್ಶನ, ಎರಡು ಕ್ಯಾಮೆರಾ, ಒಂದು ಡ್ರೋನ್. ನಿಮಗಷ್ಟೇ ಉತ್ತರ ಬರೆದರೆ ಸಾಕಿತ್ತು. ಆದರೂ ಪತ್ರಿಕೆಗೆ ಕೊಡುತ್ತಿದ್ದೇನೆ, ಯಾಕೆಂದರೆ ಇದೇ ಸ್ಕ್ರಿಪ್ಟನ್ನು ನಾನು ಹಲವು ವರ್ಷಗಳಿಂದ ಬೇರೆ ಬೇರೆಯವರ ಹೆಸರಿನಲ್ಲಿ ಓದುತ್ತಾ ಬಂದಿದ್ದೇನೆ. ಒಂದೆರಡು ಸಲ ನಾನೇ ಬರೆದದ್ದೂ ಉಂಟು. ಸೂರ್ಯೋದಯದ ಡ್ರೋನ್ ದೃಶ್ಯ, "ಒಂದು ಕಾಲದಲ್ಲಿ ಕೆರೆಗಳ ನಗರವೆಂದೇ ಹೆಸರಾಗಿದ್ದ ಬೆಂಗಳೂರು" ಎಂದು ಶುರುವಾಗುವ ಹಿನ್ನೆಲೆ ಧ್ವನಿ, ಕೊಳಲು, ಗ್ಲೌಸ್ ಹಾಕಿದ ಕೈಗಳು, ಮುಖ್ಯ ಅತಿಥಿಯ ಮಾತು, ಚೀಲಗಳ ಸಾಲು, ಕೊನೆಗೆ ಕೆಂಪು ನೀರಿನ ಮೇಲೆ ಹಾರಿಹೋಗುವ ಬೆಳ್ಳಕ್ಕಿಗಳು. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಈ ಸ್ಕ್ರಿಪ್ಟಿನಲ್ಲಿ ಜಕ್ಕೂರು ಎಂಬ ಹೆಸರು ಅಳಿಸಿ ಬೇರೆ ಯಾವ ಕೆರೆಯ ಹೆಸರು ಬರೆದರೂ ಒಂದಕ್ಷರ ತಿದ್ದಬೇಕಾಗಿಲ್ಲ. ನನ್ನ ತಕರಾರು ಅಲ್ಲಿಂದ ಶುರು.

ಮೊದಲು ಡ್ರೋನ್ ವಿಷಯ ಮುಗಿಸಿಬಿಡೋಣ. ಕೆರೆಯ ಮಗ್ಗುಲಲ್ಲೇ ಜಕ್ಕೂರಿನ ವಿಮಾನ ತರಬೇತಿಯ ಏರೋಡ್ರೋಮ್ ಇದೆ, ಆಚೆ ಯಲಹಂಕದಲ್ಲಿ ವಾಯುಪಡೆಯ ನೆಲೆ ಇದೆ. ಅಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸಿದರೆ ನಿಮ್ಮ ವರದಿಯ ಕೊನೆಯ ದೃಶ್ಯ ಪೊಲೀಸ್ ಠಾಣೆಯಲ್ಲಿ ಆಗುತ್ತದೆ. ಬಿಟ್ಟುಬಿಡಿ. ಮೇಲಿನಿಂದ ನೋಡಿದರೆ ಕೆರೆ ಹೇಗೂ ಚೆಂದವೇ ಕಾಣುತ್ತದೆ, ಕೊಳಚೆಗೂ ಬಿಸಿಲು ಬಿದ್ದರೆ ಮಿರುಗುತ್ತದೆ. ನೀವು ನೋಡಬೇಕಾದ ಎತ್ತರ ಮೊಣಕಾಲಿನದು.

ಶನಿವಾರ, ಕ್ಯಾಮೆರಾ ಇಲ್ಲದೆ, ಕೆರೆ ಸುತ್ತಿ ಬನ್ನಿ. ಸುಮಾರು 160 ಎಕರೆಯ ಕೆರೆ, ಸುಮ್ಮನೆ ನಡೆದರೆ ಬೇಗ ಮುಗಿಯುತ್ತದೆ, ನೋಡುತ್ತಾ ನಡೆದರೆ ಅರ್ಧ ದಿನ. ಏರಿಯ ಮೇಲಿಂದ ಶುರು ಮಾಡಬೇಡಿ, ಎಲ್ಲರೂ ಅಲ್ಲಿಂದಲೇ ಶುರು ಮಾಡುವುದು. ಉತ್ತರದ ತುದಿಗೆ ಹೋಗಿ. ಅಲ್ಲಿ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕ ಇದೆ. ಅದನ್ನು ಕಟ್ಟಿದಾಗಿನ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್. ಅಲ್ಲಿಂದ ಹೊರಬಿದ್ದ ನೀರು ನೇರವಾಗಿ ಕೆರೆಗೆ ಬರುವುದಿಲ್ಲ, ಜೊಂಡು ಬೆಳೆದ ಜೌಗು ಪ್ರದೇಶವೊಂದನ್ನು ಹಾದು ಬರುತ್ತದೆ. ನೀರಿನಲ್ಲಿ ಉಳಿದ ಸಾರಜನಕವನ್ನೂ ರಂಜಕವನ್ನೂ ಆ ಜೊಂಡು ಒಂದಿಷ್ಟು ಹೀರಿಕೊಳ್ಳುತ್ತದೆ, ರಾಡಿ ಅಲ್ಲೇ ತಳಕ್ಕೆ ಕೂರುತ್ತದೆ. ಹಾಗೆ ಬಂದ ನೀರು ಕೆರೆ ತುಂಬಿ, ಕೆಳಗಿನ ರಾಚೇನಹಳ್ಳಿ ಕೆರೆಗೆ ಹರಿಯುತ್ತದೆ. ಮೇಲಿನ ಯಲಹಂಕ ಕೆರೆ, ನಡುವೆ ಇದು, ಕೆಳಗೆ ರಾಚೇನಹಳ್ಳಿ: ಒಂದೇ ಸರಪಣಿಯ ಮೂರು ಕೊಂಡಿಗಳು. ಬೆಂಗಳೂರಿನ ಕೆರೆಗಳನ್ನು ನಮ್ಮ ಹಿರಿಯರು ಕಟ್ಟಿದ್ದೇ ಹೀಗೆ, ಮೇಲಿನದರ ಕೋಡಿ ಬಿದ್ದರೆ ಕೆಳಗಿನದು ತುಂಬುವಂತೆ. ನೀರಿಗೆ ಹೇಳಿದ್ದು ಕಸಕ್ಕೂ ಅನ್ವಯಿಸುತ್ತದೆ.

ನಿಮ್ಮ ಸ್ಕ್ರಿಪ್ಟಿನಲ್ಲಿ "ಕಸ" ಎಂಬ ಪದ 31 ಸಲ ಬಂದಿದೆ, ಎಣಿಸಿದೆ. ಯಾವ ಕಸ ಎಂದು ಒಂದು ಸಲವೂ ಇಲ್ಲ. ಕೆರೆಯಲ್ಲಿ ಕಸ ಸೇರುವ ದಾರಿ ಮೂರು. ಮಳೆ ಬಂದಾಗ ರಾಜಕಾಲುವೆ ಹೊತ್ತು ತರುವುದು ಒಂದು: ತೇಲುವ ಬಾಟಲಿ, ಕವರು, ಥರ್ಮಾಕೋಲ್. ಏರಿಯ ಮೇಲಿಂದ, ಬೇಲಿಯ ಸಂದಿನಿಂದ ಎಸೆಯುವುದು ಇನ್ನೊಂದು: ಪೂಜೆಯ ಹೂವು, ದೇವರ ಹಳೇ ಫೋಟೋ, ರಾತ್ರಿ ಕುಡಿದ ಬಾಟಲಿ, ಕೋಳಿ ಅಂಗಡಿಯ ಪುಕ್ಕ. ಮೂರನೆಯದನ್ನು ಯಾರೂ ತಂದು ಹಾಕುವುದಿಲ್ಲ, ಅಲ್ಲೇ ಹುಟ್ಟುತ್ತದೆ, ನೇರಳೆ ಹೂ ಬಿಡುವ ಜಲಕಳೆ. ಈ ಮೂರಕ್ಕೂ ಉತ್ತರ ಹೇಳಬೇಕಾದವರು ಬೇರೆ ಬೇರೆ. ಯಾರನ್ನು ಮಾತಾಡಿಸಬೇಕು ಎಂಬ ಪಟ್ಟಿ ಇಲ್ಲಿಂದ ಹುಟ್ಟಬೇಕೇ ಹೊರತು ಆಹ್ವಾನ ಪತ್ರಿಕೆಯಿಂದಲ್ಲ.

ಇದನ್ನು ನಾನು ಕಲಿತದ್ದು ಒಂದು ಚೀಲದಿಂದ. ಹಲವು ವರ್ಷದ ಹಿಂದೆ, ಬೇರೊಂದು ಕೆರೆಯಲ್ಲಿ, ಇಂಥದೇ ಭಾನುವಾರ. ಎಷ್ಟು ಚೀಲ ಎತ್ತಿದೆವು ಎಂದು ಆಯೋಜಕರು ಖುಷಿಯಿಂದ ಲೆಕ್ಕ ಹೇಳುತ್ತಿದ್ದರು. ನಮ್ಮ ಕ್ಯಾಮೆರಾಮನ್‌ಗೆ ಏನೋ ಹಟ, ಒಂದು ಚೀಲ ಎಳೆದುಕೊಂಡು ಬಂದು ಟಾರ್ಪಾಲಿನ ಮೇಲೆ ಸುರಿದ. ಹಾಲಿನ ಕವರು, ಗುಟ್ಕಾ ಚೀಟಿ, ಮಾತ್ರೆಯ ಖಾಲಿ ಪಟ್ಟಿ, ಬ್ರಾಂಡಿಯ ಟೆಟ್ರಾ ಪ್ಯಾಕು, ಗಾಜು ಒಡೆದ ಒಂದು ಲಕ್ಷ್ಮಿಯ ಫೋಟೋ, ನಾಲ್ಕು ಚಪ್ಪಲಿ. ನಾಲ್ಕೂ ಒಂಟಿ. ಬಿಸ್ಕೆಟ್ ಮತ್ತು ಚಿಪ್ಸಿನ ಪೊಟ್ಟಣಗಳನ್ನು ಬೇರೆ ಮಾಡಿ, ತಯಾರಾದ ತಾರೀಖು ಓದುತ್ತಾ ಕೂತೆವು. ಕೆಲವು ಎಷ್ಟೋ ವರ್ಷದ ಹಿಂದಿನವು, ಬಣ್ಣ ಮಾಸಿ ಮಣ್ಣಿನಲ್ಲಿ ಹೂತಿದ್ದವು. ಮಿಕ್ಕವು ಅದೇ ತಿಂಗಳಿನವು. ಚೀಲದಲ್ಲಿ ಎರಡು ಕತೆ ಇದ್ದವು ಅಂತಾಯಿತು. ಹಳೆಯದು ಎತ್ತಿದರೆ ಹೋಗುತ್ತದೆ. ಹೊಸದು ನಾಳೆಯೂ ಬರುತ್ತದೆ, ಅದು ಬರುವ ಬಾಗಿಲು ತೆರೆದೇ ಇದೆ. ಆಯೋಜಕರ ಲೆಕ್ಕದಲ್ಲಿ ಎರಡೂ ಒಂದೇ ಚೀಲ.

ನೀವೂ ಹಾಗೆ ಮಾಡಿ. ಮೂರು ಬೇರೆ ಜಾಗದಿಂದ ಮೂರು ಚೀಲ ತೆಗೆದುಕೊಳ್ಳಿ: ಕಾಲುವೆ ಸೇರುವ ಬಾಯಿಯಿಂದ ಒಂದು, ಏರಿಯ ಬುಡದಿಂದ ಒಂದು, ನಡಿಗೆ ದಾರಿಯ ಬೇಲಿಯ ಪಕ್ಕದಿಂದ ಒಂದು. ಗ್ಲೌಸ್ ದಪ್ಪದ್ದಿರಲಿ, ಸೂಜಿ ಸಿರಿಂಜು ಸಿಗುತ್ತವೆ. ಒಂದೊಂದನ್ನೂ ಬೇರೆ ಬೇರೆ ಸುರಿದು ವಿಂಗಡಿಸುವುದನ್ನು ಮೇಲಿನಿಂದ ಸ್ಥಿರವಾಗಿ ಚಿತ್ರೀಕರಿಸಿ. ಡ್ರೋನ್ ಬಾಡಿಗೆಯ ದುಡ್ಡಿನಲ್ಲಿ ಒಂದು ಏಣಿ ತಂದರೆ ಸಾಕು. ನಿಮ್ಮ ವರದಿಯ ಸಾಕ್ಷ್ಯ ಅಲ್ಲಿದೆ. ಹಿನ್ನೆಲೆ ಧ್ವನಿಯ ಅರ್ಧ ಮಾತು ಬೇಡವಾಗುತ್ತದೆ.

ಈಗ ಸಂದರ್ಶನ. ನಿಮ್ಮ ಪಟ್ಟಿಯಲ್ಲಿ ಐವರು: ಸ್ಥಳೀಯ ಜನಪ್ರತಿನಿಧಿ, ಮುಖ್ಯ ಅತಿಥಿಯಾಗಿ ಬರುವ ನಟರು, ಆಯೋಜಕರು, ಇಬ್ಬರು ಸ್ವಯಂಸೇವಕರು. ಎಲ್ಲರಿಗೂ ಒಂದೇ ಪ್ರಶ್ನೆ, "ಇವತ್ತು ಹೇಗನ್ನಿಸುತ್ತಿದೆ?" ಎಲ್ಲರಿಗೂ ಖುಷಿ ಅನ್ನಿಸುತ್ತಿರುತ್ತದೆ. ಬೆಳಗ್ಗೆ ಎದ್ದು ಕೆಸರಿಗೆ ಇಳಿದವರಿಗೆ ಖುಷಿ ಅನ್ನಿಸಲೇಬೇಕು, ಅದು ಅವರ ಹಕ್ಕು. ಆದರೆ ಐದು ಖುಷಿ ಸೇರಿದರೆ ಒಂದು ವರದಿ ಆಗುವುದಿಲ್ಲ.

ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳುವ ಉಪಾಯ ಒಳ್ಳೆಯದೇ, ಪ್ರಶ್ನೆ ಬದಲಿಸಿ. "ಈ ಚೀಲ ಇಲ್ಲಿಂದ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿ ನೋಡಿ. ಸ್ವಯಂಸೇವಕರು "ಪಾಲಿಕೆಯವರು ತಗೊಂಡು ಹೋಗ್ತಾರೆ" ಅನ್ನುತ್ತಾರೆ. ಆಯೋಜಕರು ಲಾರಿಗೆ ಹೇಳಿದ್ದೇವೆ ಅನ್ನುತ್ತಾರೆ. ಲಾರಿಯ ಚಾಲಕರಿಗೆ ಮಾತ್ರ ಊರಿನ ಹೆಸರು ಗೊತ್ತಿರುತ್ತದೆ. ಹಸಿ ಕೆಸರು ಸೇರಿಕೊಂಡ ಪ್ಲಾಸ್ಟಿಕ್ಕನ್ನು ಮರುಬಳಕೆಗೆ ಕೊಳ್ಳುವವರು ಕಡಿಮೆ, ತೊಳೆದು ಒಣಗಿಸುವ ಖರ್ಚು ಅದರ ಬೆಲೆಗಿಂತ ಜಾಸ್ತಿ. ಹಾಗಾಗಿ ಅದರ ಬಹುಪಾಲು ಎಲ್ಲೋ ಒಂದು ಹಳ್ಳಿಯ ಪಕ್ಕದ ಕಸದ ಗುಂಡಿಗೆ ಹೋಗುತ್ತದೆ. ಸಾಧ್ಯವಾದರೆ ನಿಮ್ಮಲ್ಲಿ ಒಬ್ಬರು ಬೈಕಿನಲ್ಲಿ ಲಾರಿಯ ಹಿಂದೆ ಹೋಗಿ. ಒಂದು ಕೆರೆಯ ಸ್ವಚ್ಛತೆ ಇನ್ನೊಂದು ಊರಿನ ಕೆರೆ ಅಂಗಳದಲ್ಲಿ ಮುಗಿದರೆ ಅದನ್ನೂ ತೋರಿಸಬೇಕು.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಇರಲೇಬೇಕಾದ ಒಬ್ಬರು ಮೀನು ಹಿಡಿಯುವವರು. ಭಾನುವಾರ ಏಳಕ್ಕೆ ಸ್ವಯಂಸೇವಕರು ಬರುವ ಹೊತ್ತಿಗೆ ಅವರ ಕೆಲಸ ಮುಗಿದು, ಮೀನು ತೂಕಕ್ಕೆ ಹೋಗಿರುತ್ತದೆ. ಅವರನ್ನು ನೀವು ಐದಕ್ಕೆ ಹುಡುಕಿಕೊಂಡು ಹೋಗಬೇಕು. ಅವರನ್ನು ಕೇಳಬೇಕಾದದ್ದು ಭಾವನೆಯಲ್ಲ, ಬಾಯಿ. ಮೀನಿನ ಬಾಯಿ. "ಮೀನು ಮೇಲೆ ಬಂದು ಬಾಯಿ ಬಿಡೋದು ಯಾವ ತಿಂಗಳು ಜಾಸ್ತಿ?" ಅಂತ ಕೇಳಿ. ನೀರಿನಲ್ಲಿ ಕರಗಿರುವ ಆಮ್ಲಜನಕ ಅತಿ ಕಡಿಮೆ ಇರುವುದು ಬೆಳಗಿನ ಜಾವ. ಹಗಲು ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ, ಮೀನೂ ಉಸಿರಾಡುತ್ತದೆ, ಕೊಳಚೆ ಕೊಳೆಸುವ ಬ್ಯಾಕ್ಟೀರಿಯಾವೂ ಉಸಿರಾಡುತ್ತದೆ. ನಸುಕಿನ ಹೊತ್ತಿಗೆ ಖಜಾನೆ ಖಾಲಿ. ಆಗ ಮೀನು ಮೇಲೆ ಬಂದು ನೀರಿನ ತೆಳು ಪದರದಿಂದ ಗಾಳಿ ಹೀರಲು ನೋಡುತ್ತದೆ. ಅಲ್ಲಿಗೂ ಸಾಲದಿದ್ದರೆ ಸಾಯುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ತೇಲಿದ ಚಿತ್ರಗಳನ್ನು ನೀವು ನೋಡಿರಬಹುದು. ಕೆರೆಯ ಆರೋಗ್ಯವನ್ನು ಮೀಟರಿಲ್ಲದೆ ಪ್ರತಿದಿನ ಓದುವವರು ಈ ಮೀನಿನವರು. ಹತ್ತು ಗಂಟೆಗೆ, ಬಿಸಿಲು ಚೆನ್ನಾಗಿ ಬಿದ್ದ ಮೇಲೆ ತೆಗೆದ ನೀರಿನ ಮಾದರಿ ಕೆರೆಯನ್ನು ಇದ್ದದ್ದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಯಾರಾದರೂ ನಿಮಗೆ ಪರೀಕ್ಷೆಯ ವರದಿ ಕೊಟ್ಟರೆ ಮೊದಲು ಮಾದರಿ ತೆಗೆದ ಗಂಟೆ ನೋಡಿ.

ಜಲಮಂಡಳಿಯ ಎಂಜಿನಿಯರ್ ನಿಮಗೆ ಭಾನುವಾರ ಸಿಗುವುದಿಲ್ಲ, ಸೋಮವಾರ ಸಿಕ್ಕಿದರೂ ಮೇಲಿನವರ ಅನುಮತಿ ಇಲ್ಲದೆ ಕ್ಯಾಮೆರಾ ಮುಂದೆ ಮಾತಾಡುವುದಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ, ನಿಯಮ ಹಾಗಿದೆ. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಅಂದರೆ ಅರ್ಜಿ ಶೂಟಿಂಗಿಗೆ ಒಂದು ತಿಂಗಳು ಮೊದಲೇ ಹೋಗಿರಬೇಕಿತ್ತು. ಇವತ್ತೇ ಹಾಕಿ, ಎಡಿಟಿಂಗ್ ಮುಗಿಯುವ ಹೊತ್ತಿಗಾದರೂ ಬರುತ್ತದೆ. ಕೇಳುವುದು ಇಷ್ಟೇ: ಕಳೆದ ವರ್ಷ ತಿಂಗಳು ತಿಂಗಳಿಗೆ ಘಟಕಕ್ಕೆ ಬಂದ ನೀರೆಷ್ಟು, ಶುದ್ಧವಾಗಿ ಹೊರಬಿದ್ದದ್ದೆಷ್ಟು. ಅರ್ಜಿ ಚಿಕ್ಕದಿದ್ದಷ್ಟೂ ಜಾರಿಕೊಳ್ಳಲು ದಾರಿ ಕಡಿಮೆ.

ಇನ್ನೊಂದು ಮಾತು. ಪೌರಕಾರ್ಮಿಕರನ್ನು ಮಾತಾಡಿಸುವಾಗ ಅವರ ಮುಖ, ಹೆಸರು ಹಾಕಬಹುದೇ ಎಂದು ಕೇಳಿ, ಮೇಸ್ತ್ರಿ ಪಕ್ಕದಲ್ಲಿ ಇಲ್ಲದಾಗ ಕೇಳಿ. ಬೇಡ ಅಂದರೆ ಕೈ ತೋರಿಸಿ, ಧ್ವನಿ ಹಾಕಿ. ಧ್ವನಿಯೂ ಬೇಡ ಅಂದರೆ ಬಿಟ್ಟುಬಿಡಿ. ನಿಮಗೆ ಇದು ಸೆಮಿಸ್ಟರಿನ ಕೆಲಸ, ಅವರಿಗೆ ಸಂಬಳ.

ಇನ್ನು ಶಬ್ದಕ್ಕೆ ಬರುತ್ತೇನೆ. ಇದು ನನ್ನ ಕಸುಬು, ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ. ನಿಮ್ಮ ಸ್ಕ್ರಿಪ್ಟಿನ ಬಲಭಾಗದ ಕಾಲಮ್ಮಿನಲ್ಲಿ, ಅಂದರೆ ಧ್ವನಿಯ ಕಾಲಮ್ಮಿನಲ್ಲಿ, ಎಂಟು ಕಡೆ "ಮಧುರ ಸಂಗೀತ", ಮೂರು ಕಡೆ "ಹಕ್ಕಿಗಳ ಕಲರವ" ಎಂದಿದೆ. ಹಕ್ಕಿಗಳ ಕಲರವವನ್ನು ಎಲ್ಲಿಂದ ತರುತ್ತೀರಿ ಎಂದು ಕೇಳಿದ್ದಕ್ಕೆ ನಿಮ್ಮಲ್ಲೊಬ್ಬರು "ಡೌನ್‌ಲೋಡ್ ಮಾಡ್ತೀವಿ ಸರ್" ಅಂದರು. ಮಾಡಬೇಡಿ. ಡಿಸೆಂಬರಿನ ಕೆರೆಯ ಮೇಲೆ ಕೋಗಿಲೆ ಕೂಗಿಸಿದ ಒಂದು ವರದಿಯನ್ನು ನಾನೇ ನೋಡಿದ್ದೇನೆ. ಕೋಗಿಲೆ ಗಂಟಲು ಬಿಡುವುದು ಮುಖ್ಯವಾಗಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ. ಹಕ್ಕಿ ನೋಡುವವರು ಬೆಂಗಳೂರಿನಲ್ಲಿ ಸಾಕಷ್ಟು ಜನ ಇದ್ದಾರೆ, ಒಂದು ಸುಳ್ಳು ಕೂಗು ಕೇಳಿದರೆ ಮಿಕ್ಕ ಹನ್ನೊಂದು ನಿಮಿಷವನ್ನೂ ನಂಬುವುದಿಲ್ಲ. ನಿಮ್ಮ ಕೆರೆಯಲ್ಲೇ ನಾಮಕೋಳಿ ಇದೆ, ನೀರಿನ ಮೇಲೆ ಓಡುತ್ತಾ ರೆಕ್ಕೆ ಬಡಿಯುವ ಅದರ ಪಟಪಟ ಸದ್ದು ಯಾವ ಲೈಬ್ರರಿಯಲ್ಲೂ ಇಷ್ಟು ಚೆನ್ನಾಗಿ ಸಿಗುವುದಿಲ್ಲ.

ಜಕ್ಕೂರಿನಲ್ಲಿ ನಿಮ್ಮ ಮೊದಲ ಶತ್ರು ತರಬೇತಿ ವಿಮಾನ. ಸಣ್ಣ ಎಂಜಿನ್ ಸದ್ದು ತಲೆಯ ಮೇಲೆ ಹಾದುಹೋಗುವಾಗ ಸಂದರ್ಶನ ನಡೆಯುತ್ತಿದ್ದರೆ ಮಾತು ಕೇಳಿಸಬಹುದು, ಆದರೆ ಆ ಮಾತನ್ನು ಕತ್ತರಿಸಲಾಗುವುದಿಲ್ಲ. ವಾಕ್ಯದ ನಡುವೆ ಕತ್ತರಿಸಿದರೆ ವಿಮಾನವೂ ಆಕಾಶದ ನಡುವೆ ಮಾಯವಾಗುತ್ತದೆ. ಸದ್ದು ಬಂದರೆ ಮಾತು ನಿಲ್ಲಿಸಿ, ಕಾಯಿರಿ, "ಆ ಮಾತು ಇನ್ನೊಂದು ಸಲ ಹೇಳ್ತೀರಾ?" ಎಂದು ಕೇಳಿ. ಕಾಯುವಾಗ ಸುಮ್ಮನೆ ಇರಬೇಡಿ, ವಿಮಾನವನ್ನೇ ಪೂರ್ತಿ, ಬರುವುದರಿಂದ ಹೋಗುವುದರವರೆಗೆ, ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಅದು ಆ ಊರಿನ ಸದ್ದು, ಎಲ್ಲೋ ಒಂದು ಕಡೆ ಉಪಯೋಗಕ್ಕೆ ಬರುತ್ತದೆ.

ಎರಡನೆಯ ಶತ್ರು ಆಯೋಜಕರ ಧ್ವನಿವರ್ಧಕ. ಏಳೂವರೆಗೆ ನಾಡಗೀತೆ, ಆಮೇಲೆ ಸಿನಿಮಾ ಹಾಡು, ನಡುನಡುವೆ "ಎಲ್ಲರೂ ಟೀ ಕೌಂಟರ್ ಹತ್ತಿರ ಬರಬೇಕು". ಹಿಂದೆ ಹಾಡು ಓಡುತ್ತಿದ್ದರೆ ಆ ಸಂದರ್ಶನವನ್ನು ಎಡಿಟಿಂಗಿನಲ್ಲಿ ತುಂಡು ಮಾಡಲಾಗದು, ಜೊತೆಗೆ ಹಾಡಿನ ಹಕ್ಕುಸ್ವಾಮ್ಯದ ತಲೆನೋವು. ಶನಿವಾರವೇ ಆಯೋಜಕರ ಬಳಿ ಹೋಗಿ, ಎಂಟರಿಂದ ಎಂಟೂವರೆ ಸ್ಪೀಕರ್ ಬಂದ್ ಮಾಡಲು ಒಪ್ಪಿಸಿ. ಭಾನುವಾರ ಕೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಸ್ಪೀಕರ್ ಓಡುತ್ತಿರುತ್ತದೆ.

ಮೂರನೆಯದು ಗಾಳಿ. ಏರಿಯ ಮೇಲೆ ಗಾಳಿಗೆ ತಡೆಯೇ ಇಲ್ಲ. ಮೈಕಿಗೆ ಬರೀ ಸ್ಪಂಜಿನ ಟೋಪಿ ಸಾಲದು, ತುಪ್ಪಳದ ಹೊದಿಕೆ ಬೇಕು. ಬಾಡಿಗೆ ಅಂಗಡಿಯಲ್ಲಿ ಕೇಳಿ ಪಡೆಯಿರಿ. ಸಂದರ್ಶನವನ್ನು ಏರಿಯ ಮೇಲೆ ಮಾಡದೆ ಅದರ ಇಳಿಜಾರಿನ ಮರೆಯಲ್ಲಿ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಕೆಸರಿನಲ್ಲಿ ಕೆಲಸ ಮಾಡುತ್ತಿರುವವರ ಅಂಗಿಗೆ ಕ್ಲಿಪ್ ಮೈಕ್ ಸಿಕ್ಕಿಸಬೇಡಿ, ಪ್ಲಾಸ್ಟಿಕ್ ಏಪ್ರನ್ ಸರಸರ ಎಂದು ಮಾತನ್ನೆಲ್ಲ ನುಂಗುತ್ತದೆ. ಕೈಮೈಕನ್ನೇ ಬಾಯಿಯಿಂದ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಮಟ್ಟ, ಅಂದರೆ ಲೆವೆಲ್, ಜೋರು ಮಾತಿಗೆ ಮೈನಸ್ 12 ಡೆಸಿಬಲ್ ಆಸುಪಾಸು ಇರಲಿ. ಬಾಟಲಿ ಚೀಲ ಲಾರಿಗೆ ಬೀಳುವ ಸದ್ದು ದಿಢೀರನೆ ಮೇಲೇರುತ್ತದೆ, ಅದಕ್ಕೆ ಇನ್ನೂ ಕಡಿಮೆ ಇಟ್ಟುಕೊಳ್ಳಿ. ಒಡೆದ ಧ್ವನಿಯನ್ನು ಜೋಡಿಸುವ ಯಂತ್ರ ನಿಮ್ಮ ಲ್ಯಾಬಿನಲ್ಲಿಲ್ಲ.

ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ, ಯಾರೂ ಕಾಲು ಸರಿಸದೆ, ಎರಡು ನಿಮಿಷ ಆ ಜಾಗವನ್ನೇ ರೆಕಾರ್ಡ್ ಮಾಡಿ. ಏರಿಯ ಮೌನ ಬೇರೆ, ಜೊಂಡಿನ ಮೌನ ಬೇರೆ, ಕಾಲುವೆಯ ಬಾಯಿಯಲ್ಲಿ ಮೌನವೇ ಇಲ್ಲ. ಎಡಿಟಿಂಗಿನಲ್ಲಿ ಎರಡು ಮಾತಿನ ನಡುವಿನ ಬಿರುಕು ಮುಚ್ಚುವುದು ಈ ಎರಡು ನಿಮಿಷವೇ. ವಿದ್ಯಾರ್ಥಿಗಳು ಇದನ್ನು ಯಾವಾಗಲೂ ಮರೆಯುತ್ತಾರೆ, ವೃತ್ತಿಪರರು ಆಗಾಗ.

ಮತ್ತೆ ಹೆಡ್‌ಫೋನ್. ಒಬ್ಬರ ಕಿವಿಯ ಮೇಲೆ ಅದು ಸದಾ ಇರಲಿ. ಯಾಕೆ ಎಂದು ಹೇಳುತ್ತೇನೆ, ಇದನ್ನು ಬರೆಯಲು ಈಗಲೂ ಸಂಕಟ. ಕೋಲಾರದ ಕಡೆಯ ಒಂದು ಹಳ್ಳಿಯಲ್ಲಿ ವಯಸ್ಸಾದ ನೀರಗಂಟಿಯೊಬ್ಬರನ್ನು ಮಾತಾಡಿಸಿದ್ದೆ. ಎಷ್ಟೋ ವರ್ಷ ತೂಬು ಎತ್ತಿ ಇಳಿಸಿದ ಮನುಷ್ಯ. ಕೆರೆ ತುಂಬಿದ ರಾತ್ರಿ ಏರಿಯ ಮೇಲೆ ಮಲಗಿ, ನೆಲಕ್ಕೆ ಕಿವಿ ಕೊಟ್ಟು, ಏರಿ ಎಲ್ಲಾದರೂ ಸೋರುತ್ತಿದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದುದನ್ನು ಹೇಳಿದರು. ಹೇಳುತ್ತಾ ನೆಲಕ್ಕೆ ಬಾಗಿಯೂ ತೋರಿಸಿದರು. ನಲವತ್ತು ನಿಮಿಷ. ನನ್ನ ರೆಕಾರ್ಡರಿನ ಕೆಂಪು ದೀಪ ಆ ನಲವತ್ತು ನಿಮಿಷವೂ ಮಿನುಗುತ್ತಿತ್ತು. ಆ ಯಂತ್ರದಲ್ಲಿ ಮಿನುಗಿದರೆ ಸಿದ್ಧವಾಗಿದೆ ಎಂದರ್ಥ, ಸ್ಥಿರವಾಗಿ ಉರಿದರೆ ಮಾತ್ರ ರೆಕಾರ್ಡ್ ಆಗುತ್ತಿದೆ ಎಂದರ್ಥ. ಗುಂಡಿಯನ್ನು ಎರಡು ಸಲ ಒತ್ತಬೇಕಿತ್ತು, ಒಂದು ಸಲ ಒತ್ತಿದ್ದೆ. ಅಂಕಿ ಓಡುತ್ತಿದೆಯೇ ಎಂದೂ ನೋಡಲಿಲ್ಲ. ಗೊತ್ತಾದ ಮೇಲೆ ಕೈಮುಗಿದು ಇನ್ನೊಮ್ಮೆ ಹೇಳಿ ಎಂದೆ. "ಆಗಲೇ ಹೇಳಿದ್ನಲ್ಲಪ್ಪ" ಎಂದು ನಕ್ಕು, ನಾಲ್ಕು ನಿಮಿಷದಲ್ಲಿ ಮುಗಿಸಿದರು. ಎರಡನೇ ಸಲ ಬಾಗಲಿಲ್ಲ.

ಸ್ಕ್ರಿಪ್ಟನ್ನು ಹೇಗೆ ಶುರು ಮಾಡಲಿ ಎಂದು ನೀವು ಕೇಳಿದ್ದಿರಿ. ನಾನಾದರೆ ಮೊದಲ ಪುಟವನ್ನು ಹೀಗೆ ಬರೆಯುತ್ತಿದ್ದೆ:

ದೃಶ್ಯ 1. ಬೆಳಗಿನ 5.20. ಕಪ್ಪು ಪರದೆ. ಧ್ವನಿ: ಹರಿಗೋಲಿಗೆ ನೀರು ತಾಗುವ ಸದ್ದು, ಬಲೆ ಎಳೆಯುವ ಉಸಿರು. ಹತ್ತು ಸೆಕೆಂಡ್, ಮಾತಿಲ್ಲ.

ದೃಶ್ಯ 2. ಟಾರ್ಚಿನ ಬೆಳಕಿನಲ್ಲಿ ಬಲೆ. ಮೂರು ಮೀನು, ಒಂದು ಕವರು. ಧ್ವನಿ: ಮೀನು ಹಿಡಿಯುವವರು ಕವರನ್ನು ಬಿಡಿಸುತ್ತಾ ಆಡುವ ಮಾತು, ಏನೇ ಆಡಲಿ.

ದೃಶ್ಯ 3. ಏರಿ, 7 ಗಂಟೆ. ಬಸ್ಸಿನಿಂದ ಇಳಿಯುತ್ತಿರುವ ಸ್ವಯಂಸೇವಕರು. ಧ್ವನಿ: ರಬ್ಬರ್ ಗ್ಲೌಸ್ ಎಳೆದುಕೊಳ್ಳುವ ಸದ್ದು, ಮೇಲೆ ವಿಮಾನ. ಹಿನ್ನೆಲೆ ಧ್ವನಿ ಇಲ್ಲಿಂದ ಶುರು, ಮೊದಲ ವಾಕ್ಯ ಶನಿವಾರ ನೋಡಿದ ಒಂದು ಸಂಗತಿ.

ಬಲೆಯಲ್ಲಿ ಕವರು ಬರದೇ ಇರಬಹುದು. ಬರದಿದ್ದರೆ ಹಾಕಿ ತೆಗೆಯಬೇಡಿ. ದೃಶ್ಯ 2ನ್ನು ಹೊಡೆದು ಹಾಕಿ, ಬಂದದ್ದನ್ನು ಬರೆಯಿರಿ. ಸ್ಕ್ರಿಪ್ಟ್ ಅನ್ನುವುದು ಹುಡುಕುವ ಪಟ್ಟಿ, ಅಷ್ಟೇ.

ಈಗ ಕೊನೆಯ ಚಿತ್ರ. ನೀವು ಬರೆದಿರುವುದು: "ಸ್ವಚ್ಛವಾದ ಕೆರೆ, ಸೂರ್ಯಾಸ್ತ, ಹಾರುವ ಹಕ್ಕಿಗಳು." ಶೂಟಿಂಗ್ ಹನ್ನೊಂದಕ್ಕೆ ಮುಗಿಯುತ್ತದೆ, ಸೂರ್ಯಾಸ್ತ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ನನ್ನ ಪ್ರಶ್ನೆ ಬೇರೆ. ಅಂದು ಸ್ವಯಂಸೇವಕರು ಎಳೆದು ಹಾಕುವುದರಲ್ಲಿ ದೊಡ್ಡ ರಾಶಿ ಜಲಕಳೆಯದೇ ಆಗಿರುತ್ತದೆ. ಆ ಗಿಡದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಏರಿಯ ಮೇಲೆ ಪರ್ವತದಂತೆ ಕಾಣುವ ರಾಶಿ ಕೆಲವೇ ದಿನದಲ್ಲಿ ಒಣಗಿ ಚಾಪೆಯಾಗುತ್ತದೆ. ಸಾಗಿಸದೆ ಅಲ್ಲೇ ಬಿಟ್ಟರೆ ಕೊಳೆತು, ಅದು ಹೀರಿದ್ದ ಗೊಬ್ಬರವೆಲ್ಲ ಮಳೆಯೊಂದಿಗೆ ಮತ್ತೆ ಕೆರೆಗೇ ಇಳಿಯುತ್ತದೆ. ಕೊಳಚೆ ಸೇರಿದ, ಗೊಬ್ಬರದ ಅಂಶ ತುಂಬಿದ ಬೆಚ್ಚಗಿನ ನೀರಿನಲ್ಲಿ ಇದು ಸುಮಾರು ಎರಡು ವಾರದಲ್ಲಿ ಎರಡರಷ್ಟಾಗುತ್ತದೆ. ತಾಯಿಗಿಡದಿಂದ ಬಳ್ಳಿ ಹೊರಟು ಮರಿಗಿಡ ಬಿಡುತ್ತದೆ, ಕಿತ್ತಾಗ ತುಂಡಾಗಿ ಉಳಿದದ್ದೂ ಬದುಕುತ್ತದೆ. ಬೀಜ ತಳದ ಕೆಸರಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಹಾಗಿರುವಾಗ ಭಾನುವಾರ ಹನ್ನೊಂದು ಗಂಟೆಯ ಕೆರೆಯನ್ನು ಕೊನೆಯ ಚಿತ್ರವಾಗಿ ತೋರಿಸಿದರೆ, ಚಿತ್ರ ನಿಜ, ವರದಿ ಸುಳ್ಳು.

ಬೆಳ್ಳಂದೂರಿನ ಚಿತ್ರಗಳು ನಿಮಗೆ ನೆನಪಿರುತ್ತವೆ. 2015ರಲ್ಲಿ ನೊರೆಗೆ ಬೆಂಕಿ ಹತ್ತಿತು, 2017ರಲ್ಲೂ 2018ರಲ್ಲೂ ಕೆರೆಯಂಗಳ ಹೊತ್ತಿ ಉರಿಯಿತು, ಪ್ರಪಂಚವೆಲ್ಲ ನೋಡಿತು. ಆ ನೊರೆ ರಾಶಿ ಬೀಳುತ್ತಿದ್ದುದು ಕೋಡಿಯ ಕೆಳಗೆ, ಸೋಪಿನ ಅಂಶ ತುಂಬಿದ ನೀರು ಎತ್ತರದಿಂದ ಬಿದ್ದು ಕಡೆದುಕೊಳ್ಳುವ ಜಾಗದಲ್ಲಿ. ಕ್ಯಾಮೆರಾಗಳೆಲ್ಲ ಅಲ್ಲೇ ನಿಂತವು. ಸೋಪು ಕೆರೆಗೆ ಇಳಿಯುವ ಕಾಲುವೆಗಳ ಬಾಯಿಗೆ ಹೋದವರು ಕಡಿಮೆ, ಅಲ್ಲಿ ನೊರೆಯೂ ಇಲ್ಲ ಬೆಂಕಿಯೂ ಇಲ್ಲ, ಬರೀ ಬೂದು ನೀರು.

ನಿಮ್ಮ ಕೊನೆಯ ಚಿತ್ರ ಆ ಬೂದು ನೀರಿನ ಹತ್ತಿರ ಇದೆ ಎಂದು ನನ್ನ ಅನಿಸಿಕೆ. ಶನಿವಾರದ ಸುತ್ತಾಟದಲ್ಲಿ ಕಾಲುವೆ ಕೆರೆ ಸೇರುವ ಜಾಗವೊಂದನ್ನು ಆರಿಸಿ. ಟ್ರೈಪಾಡ್ ಇಡುವ ಮೂರು ಕಾಲಿನ ಗುರುತಿಗೆ ಮೂರು ಕಲ್ಲು ಹೂತು, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಲೆನ್ಸ್ ಯಾವುದು, ಎತ್ತರ ಎಷ್ಟು, ಚೌಕಟ್ಟಿನ ಎಡ ಅಂಚಿಗೆ ಯಾವ ಮರ ಎಂದು ಬರೆದಿಡಿ. ಭಾನುವಾರ ಕೆಲಸ ಮುಗಿದ ಮೇಲೆ ಅಲ್ಲಿ ಐದು ನಿಮಿಷ ಚಿತ್ರೀಕರಿಸಿ. ಹದಿನೈದು ದಿನ ಬಿಟ್ಟು ಅದೇ ಗಂಟೆಗೆ, ಅದೇ ಕಲ್ಲುಗಳ ಮೇಲೆ ಇನ್ನೊಮ್ಮೆ. ನಡುವೆ ಜೋರು ಮಳೆ ಬಿದ್ದರೆ ಅದರ ಮರುದಿನ ಬೆಳಗ್ಗೆ ಮತ್ತೊಮ್ಮೆ. ಕ್ಯಾಮೆರಾ ಅಲ್ಲಾಡಿಸಬೇಡಿ, ಜೂಮ್ ಮಾಡಬೇಡಿ. ಮೂರನ್ನೂ ಒಂದರ ಮೇಲೊಂದು ಕರಗಿಸಿ, ಕೆಳಗೆ ಕಾಲುವೆಯ ಸದ್ದೊಂದೇ ಇರಲಿ. ಚಿತ್ರ ಮುಗಿದ ಮೇಲೂ ಕಪ್ಪು ಪರದೆಯಲ್ಲಿ ಹದಿನೈದು ಸೆಕೆಂಡ್ ಆ ಸದ್ದು ಓಡಲಿ, ಹೆಸರುಗಳು ಅದರ ಮೇಲೆ ಬರಲಿ. ಕೊಳಲು ಬೇಡ.

ಹದಿನೈದು ದಿನದ ಮೇಲೆ ಹೋದಾಗ ಜಾಗ ಚೊಕ್ಕಟವಾಗಿಯೇ ಇರಬಹುದು. ಕೆರೆಯ ಸುತ್ತಲಿನವರು ದಿನಾ ಬಲೆ ಹಾಕಿ ಕಸ ಹಿಡಿಯುತ್ತಿರಬಹುದು, ಯಾರೋ ಎಂಜಿನಿಯರ್ ಒಡೆದ ಪೈಪೊಂದನ್ನು ಸರಿ ಮಾಡಿಸಿರಬಹುದು. ಆಗ ಅದೇ ನಿಮ್ಮ ಕೊನೆಯ ಚಿತ್ರ, ನನ್ನ ಅನುಮಾನಕ್ಕಾಗಿ ಕೊಳಕು ಹುಡುಕಿಕೊಂಡು ಹೋಗಬೇಡಿ. ಅದಕ್ಕೇ ಸ್ಕ್ರಿಪ್ಟಿನ ಒಂಬತ್ತನೇ ಪುಟವನ್ನು ಈಗ ಖಾಲಿ ಬಿಡಿ. ನಿಮ್ಮ ಮೇಷ್ಟ್ರು ಒಪ್ಪದಿದ್ದರೆ ಈ ಪತ್ರ ತೋರಿಸಿ, ಬೈಗುಳ ನನಗೆ ಬರಲಿ.

ಕ್ಯಾಮೆರಾವನ್ನು ಒಂದು ದಿನಕ್ಕಷ್ಟೇ ಬಾಡಿಗೆಗೆ ಹೇಳಿದ್ದೀರಿ ಎಂದು ಪಟ್ಟಿಯಲ್ಲಿ ನೋಡಿದೆ. ಡ್ರೋನಿನ ದುಡ್ಡಿನಲ್ಲಿ ಏಣಿ ಕಳೆದು ಉಳಿದದ್ದಕ್ಕೆ ಇನ್ನೆರಡು ದಿನ ಬರುತ್ತದೆ. ಅಂಗಡಿಗೆ ಇವತ್ತೇ ಫೋನ್ ಮಾಡಿ, ಹದಿನೈದನೇ ದಿನದ ತಾರೀಖನ್ನು ಬರೆಸಿಬಿಡಿ.

ಇಂತಿ ನಿಮ್ಮ,
ಒಬ್ಬ ಹಳೇ ಧ್ವನಿಗ್ರಾಹಕ